‘ಮುಂದೆ’ ಅಂದರೆ ‘ಹಿಂದೆ’ ಹೋಗುವ ರೋಬೋ: ಇಂಟರ್ನೆಟ್ ಇಲ್ಲದೆ ಕನ್ನಡದ ಮಾತು ಕೇಳಿಸಿಕೊಳ್ಳುವ ಪುಟ್ಟ ಬೋರ್ಡಿನ ಒಳಗುಟ್ಟು

ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ. ಮನೆಯೊಳಗೆ ಓಡಾಡುವ ಪುಟ್ಟ ರೋಬೋಗೆ ಬಾಯಲ್ಲಿ ಏನು ಹೇಳಬೇಕು ಎಂದು ಯೋಚಿಸಿದರೆ ಮೊದಲು ಹೊಳೆಯುವುದು ಈ ನಾಲ್ಕು ಮಾತು. ಒಮ್ಮೆ ಜೋರಾಗಿ ಹೇಳಿ ನೋಡಿ. ಮುಂದೆ, ಹಿಂದೆ ಎರಡೂ ‘ಂದೆ’ ಎಂದು ಮುಗಿಯುತ್ತವೆ. ಎಡಕ್ಕೆ, ಬಲಕ್ಕೆ ಎರಡೂ ‘ಕ್ಕೆ’ ಎಂದು ಮುಗಿಯುತ್ತವೆ. ಹಾಡು ಕಟ್ಟುವವರಿಗೆ ಈ ಪ್ರಾಸ ಅನುಕೂಲ. ಕಿವಿಯ ಜಾಗದಲ್ಲಿ ಒಂದು ಮೈಕ್, ಮಿದುಳಿನ ಜಾಗದಲ್ಲಿ ಬೆರಳುದ್ದದ ಬೋರ್ಡ್ ಇರುವ ಗಾಡಿಗೆ ಮಾತ್ರ ಇದೇ ದೊಡ್ಡ ತೊಡಕು.

ಇಂಥ ಗಾಡಿಗಳು ಈಗ ಮೈಸೂರು, ಮಂಡ್ಯದ ಮನೆಗಳಿಗೂ ಬರುತ್ತಿವೆ. ಎಂಜಿನಿಯರಿಂಗ್ ಓದುವ ಹುಡುಗರು ಪ್ರಾಜೆಕ್ಟ್‌ಗೆಂದು ಕಟ್ಟುತ್ತಾರೆ, ಕೆಲವರು ಮನೆಯ ಹಿರಿಯರಿಗೆ ಅನುಕೂಲವಾಗಲಿ ಎಂದು ಕಟ್ಟುತ್ತಾರೆ. ಮಾತನ್ನು ಇಂಟರ್ನೆಟ್ ಮೂಲಕ ದೂರದ ಕಂಪ್ಯೂಟರಿಗೆ ಕಳಿಸಿ ಉತ್ತರ ತರಿಸುವ ದಾರಿ ಸುಲಭವೇ. ಆದರೆ ಕರೆಂಟ್ ಹೋದರೆ ರೌಟರ್ ಆಫ್ ಆಗುತ್ತದೆ, ರೌಟರ್ ಆಫ್ ಆದರೆ ಬ್ಯಾಟರಿಯಲ್ಲಿ ಓಡುವ ರೋಬೋ ಕೂಡ ಕಿವುಡಾಗುತ್ತದೆ. ಹಜಾರದ ಮಾತೆಲ್ಲ ಮನೆಯಿಂದಾಚೆ ಹೋಗುವುದು ಬೇಡ ಎನ್ನುವವರೂ ಇದ್ದಾರೆ. ಆಗ ಉಳಿಯುವ ದಾರಿ, ಮಾತನ್ನು ಬೋರ್ಡಿನೊಳಗೇ ಗುರುತಿಸುವುದು.

ಇಡೀ ಲೇಖನಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಮಂಡ್ಯದ ಒಂದು ಸಾಧಾರಣ ಮನೆ. ಟೈಲ್ಸ್ ಹಾಕಿದ ಹಜಾರ, ಪಕ್ಕದಲ್ಲೇ ಅಡುಗೆಮನೆ, ತಲೆಯ ಮೇಲೆ ಫ್ಯಾನ್, ಸಂಜೆಯಾದರೆ ಟಿವಿ. ಅಜ್ಜಿಯ ಕನ್ನಡಕ, ಮಾತ್ರೆ ಡಬ್ಬಿ ಹೊತ್ತು ತರುವ ಎರಡು ಮೋಟಾರಿನ ಗಾಡಿ. ಅದರ ಹೆಸರು ಗಿರಿಗಿಟ್ಲೆ. ಈ ಹೆಸರನ್ನೇ ಇಟ್ಟಿದ್ದಕ್ಕೆ ಕಾರಣವಿದೆ, ಮುಂದೆ ಬರುತ್ತದೆ.

## ಬರೆದುಕೊಳ್ಳುವುದು ಬೇರೆ, ಗುರುತಿಸುವುದು ಬೇರೆ

ಮಾತನ್ನು ಯಂತ್ರಕ್ಕೆ ಅರ್ಥ ಮಾಡಿಸುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು, ಯಾರು ಏನೇ ಹೇಳಿದರೂ ಅದನ್ನು ಅಕ್ಷರಕ್ಕೆ ಇಳಿಸುವುದು. ಇದು ಉಕ್ತಲೇಖನ ಬರೆದುಕೊಳ್ಳುವ ವಿದ್ಯಾರ್ಥಿಯ ಕೆಲಸ. ಭಾಷೆಯ ಸಾವಿರಾರು ಪದ ಗೊತ್ತಿರಬೇಕು, ಯಾವ ಪದದ ಮುಂದೆ ಯಾವುದು ಬರಬಹುದು ಎಂಬ ಅಂದಾಜೂ ಬೇಕು. ಈ ಕೆಲಸಕ್ಕೆ ಬಳಸುವ, ದನಿಗಳನ್ನು ಕೇಳಿ ಕಲಿತ ವಿಸ್ಪರ್ ಎಂಬ ಮಾದರಿಯ ಅತಿ ಚಿಕ್ಕ ರೂಪದಲ್ಲೇ ಕಲಿತದ್ದನ್ನು ಹಿಡಿದಿಡುವ 3.9 ಕೋಟಿ ಸಂಖ್ಯೆಗಳಿವೆ. ವೋಸ್ಕ್ ಎಂಬ ಇನ್ನೊಂದರ ಚಿಕ್ಕ ಮಾದರಿಗಳು 50 ಎಂಬಿ ಆಸುಪಾಸಿನವು, ಓಡುವಾಗ ಸುಮಾರು 300 ಎಂಬಿ ಮೆಮೊರಿ ಕೇಳುತ್ತವೆ. ಇವನ್ನು ಓಡಿಸಲು ರಾಸ್ಪ್‌ಬೆರಿ ಪೈನಂಥ, ಪುಟ್ಟ ಕಂಪ್ಯೂಟರ್ ಎನ್ನಬಹುದಾದ ಬೋರ್ಡ್ ಬೇಕು.

ಎರಡನೆಯದು, ಮೊದಲೇ ಗೊತ್ತಿರುವ ಐದಾರು ಪದಗಳಲ್ಲಿ ಯಾವುದಾದರೂ ಕಿವಿಗೆ ಬಿತ್ತೇ ಎಂದು ಮಾತ್ರ ನೋಡುವುದು. ಇದು ಬಸ್ ಡ್ರೈವರ್ ಮಾಡುವ ಕೆಲಸ. ಬಸ್ಸಿನಲ್ಲಿ ಯಾರು ಏನು ಮಾತಾಡಿದರೂ ಅವರಿಗೆ ಬೇಕಿಲ್ಲ, ಕಂಡಕ್ಟರ್ ‘ರೈಟ್’ ಅಂದದ್ದು ಕೇಳಿದರೆ ಸಾಕು. ಇದಕ್ಕೆ ಭಾಷೆಯೇ ಗೊತ್ತಿರಬೇಕಿಲ್ಲ, ಕೆಲವು ಸದ್ದುಗಳ ಆಕಾರ ಗೊತ್ತಿದ್ದರೆ ಆಯಿತು. ಹಾಗಾಗಿ ಕನ್ನಡಕ್ಕೆ ಸಿದ್ಧ ಮಾದರಿ ಸಿಗಲಿಲ್ಲ ಎಂದು ಕೂರಬೇಕಿಲ್ಲ. ಮನೆಯವರ ದನಿಯಿಂದಲೇ ಮಾದರಿ ಮಾಡಿಕೊಳ್ಳಬಹುದು. ನಾಲ್ಕೈದು ಆಜ್ಞೆ ಪಾಲಿಸುವ ಗಾಡಿಗೆ ಈ ಎರಡನೆಯ ದಾರಿಯೇ ಸರಿ. ಮುಂದೆ ಬರುವುದೆಲ್ಲ ಅದರದ್ದೇ.

## ಒಂದು ಸೆಕೆಂಡಿನ ಮಾತಿಗೆ ಏನಾಗುತ್ತದೆ

ಮೈಕ್ ಗಾಳಿಯ ಅಲುಗಾಟವನ್ನು ಸೆಕೆಂಡಿಗೆ 16,000 ಸಲ ಅಳೆಯುತ್ತದೆ. ಒಂದೊಂದು ಅಳತೆಗೆ ಎರಡು ಬೈಟ್ ಎಂದರೆ ಸೆಕೆಂಡಿಗೆ 32,000 ಬೈಟ್. ನಮ್ಮ ಉದಾಹರಣೆಯ ಬೋರ್ಡ್ ಇಎಸ್‌ಪಿ32-ಎಸ್3. ಅದರ ಚಿಪ್ಪಿನೊಳಗೆ 512 ಕೆಬಿ ಮೆಮೊರಿ ಇದೆ, 240 ಮೆಗಾಹರ್ಟ್ಸ್‌ನಲ್ಲಿ ಓಡುವ ಎರಡು ಕೋರ್‌ಗಳಿವೆ. ಒಂದು ಸೆಕೆಂಡಿನ ದನಿ ಇಟ್ಟುಕೊಳ್ಳಲು ಜಾಗ ಧಾರಾಳ.

ಆದರೆ ಈ 16,000 ಅಂಕಿಗಳನ್ನು ನೇರವಾಗಿ ನೋಡಿದರೆ ಪದ ಗೊತ್ತಾಗುವುದಿಲ್ಲ. ಅದೇ ಪದವನ್ನು ಅದೇ ವ್ಯಕ್ತಿ ಎರಡು ಸಲ ಹೇಳಿದರೂ ಅಂಕಿಗಳು ಬೇರೆಯಾಗಿರುತ್ತವೆ. ಆದ್ದರಿಂದ ಮೊದಲು ಅದನ್ನು ಚಿತ್ರವಾಗಿ ಮಾಡಿಕೊಳ್ಳಬೇಕು. 40 ಮನೆಗಳಿರುವ ಒಂದು ಹಾರ್ಮೋನಿಯಂ ಊಹಿಸಿಕೊಳ್ಳಿ. ಮಾತಿನ 30 ಮಿಲಿಸೆಕೆಂಡಿನ ಚೂರೊಂದನ್ನು ತೆಗೆದುಕೊಂಡು, ಆ ಗಳಿಗೆಯಲ್ಲಿ ಯಾವ ಯಾವ ಮನೆ ಎಷ್ಟು ಜೋರಾಗಿ ನುಡಿಯುತ್ತಿದೆ ಎಂದು ಬರೆದುಕೊಳ್ಳುವುದು. ಆಮೇಲೆ 20 ಮಿಲಿಸೆಕೆಂಡ್ ಮುಂದೆ ಸರಿದು ಮತ್ತೆ ಬರೆದುಕೊಳ್ಳುವುದು. ಒಂದು ಸೆಕೆಂಡಿನಲ್ಲಿ ಹೀಗೆ 49 ಸಲ ಬರೆಯಬಹುದು. 49 ಸಾಲು, 40 ಮನೆ, ಒಟ್ಟು 1,960 ಚೌಕಗಳ ಹಾಳೆ. ಜೋರಾದ ಕಡೆ ಕಪ್ಪು, ಮೆಲ್ಲಗಿರುವ ಕಡೆ ಬಿಳಿ ಬಳಿದರೆ ಪದದ ಚಿತ್ರ ಕಾಣುತ್ತದೆ. ನಮ್ಮ ಕಿವಿ ತಗ್ಗು ಸ್ವರಗಳಲ್ಲಿ ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದೆ, ಮೇಲಿನ ಸ್ವರಗಳಲ್ಲಿ ಅಷ್ಟು ಹಿಡಿಯುವುದಿಲ್ಲ. ಅದಕ್ಕೇ ಈ ಹಾರ್ಮೋನಿಯಂನ ಕೆಳಗಿನ ಮನೆಗಳು ಒತ್ತೊತ್ತಾಗಿ, ಮೇಲಿನವು ಅಗಲವಾಗಿ ಇರುತ್ತವೆ. ಇದಕ್ಕೆ ಮೆಲ್ ಅಳತೆ ಎಂದು ಹೆಸರು.

ಚಿತ್ರ ಸಿಕ್ಕ ಮೇಲೆ ಅದನ್ನು ಗುರುತಿಸುವುದು ಒಂದು ಪುಟ್ಟ ನರಜಾಲದ ಕೆಲಸ. ರಂಗೋಲಿ ಅಚ್ಚಿನಷ್ಟು ಚಿಕ್ಕ ಅಚ್ಚುಗಳನ್ನು ಅದು ಚಿತ್ರದ ಮೇಲೆಲ್ಲ ಸರಿಸುತ್ತಾ, ಎಲ್ಲಿ ಯಾವ ಅಚ್ಚು ಹೊಂದಿತು ಎಂದು ಗುರುತು ಹಾಕಿಕೊಳ್ಳುತ್ತದೆ. ಅಚ್ಚಿನ ಆಕಾರವನ್ನು ಯಾರೂ ಕೊರೆದುಕೊಡುವುದಿಲ್ಲ. ನಾವು ಕೊಟ್ಟ ನೂರಾರು ಉದಾಹರಣೆಗಳಿಂದ ಕಂಪ್ಯೂಟರ್ ಅದನ್ನು ತಾನೇ ಕಂಡುಕೊಳ್ಳುತ್ತದೆ. ಇದೇ ತರಬೇತಿ, ಇದು ನಡೆಯುವುದು ಮಾಮೂಲಿ ಲ್ಯಾಪ್‌ಟಾಪಿನಲ್ಲಿ. ಬೋರ್ಡಿಗೆ ಹೋಗುವುದು ಕಲಿತು ಮುಗಿದ ಅಚ್ಚುಗಳು ಮಾತ್ರ.

ಹೋಗುವ ಮುಂಚೆ ಅವುಗಳ ತೂಕ ಇಳಿಸುತ್ತಾರೆ. ಈ ಅಚ್ಚುಗಳೆಲ್ಲ ಸಂಖ್ಯೆಗಳೇ, ಲ್ಯಾಪ್‌ಟಾಪಿನಲ್ಲಿ ಒಂದೊಂದು ಸಂಖ್ಯೆಗೆ ನಾಲ್ಕು ಬೈಟ್. ಬೋರ್ಡಿಗೆ ಒಂದೇ ಬೈಟ್ ಸಾಕು, ಅಂದರೆ 256 ಮಟ್ಟಗಳಲ್ಲಿ ಒಂದು. ಚಿನ್ನದ ಅಂಗಡಿಯ ತಕ್ಕಡಿ ಬಿಟ್ಟು ತರಕಾರಿ ಅಂಗಡಿಯ ತಕ್ಕಡಿ ಹಿಡಿದ ಹಾಗೆ. ಟೊಮೆಟೊ ತೂಗಲು ಅದೇ ಸಾಕು. 40,000 ಸಂಖ್ಯೆಗಳ ಮಾದರಿ 160 ಕೆಬಿಯಿಂದ 40 ಕೆಬಿಗೆ ಇಳಿಯುತ್ತದೆ, ಲೆಕ್ಕವೂ ಬೇಗ ಆಗುತ್ತದೆ. ಹೀಗೆ ಇಳಿಸುವಾಗ ಯಾವ ಅಂಕಿ ಎಷ್ಟರವರೆಗೆ ಹೋಗಬಹುದು ಎಂದು ತೋರಿಸಲು ಕೆಲವು ನೂರು ನಿಜವಾದ ದನಿಗಳನ್ನು ಕೊಡಬೇಕಾಗುತ್ತದೆ. ಅವುಗಳಲ್ಲಿ ಎಲ್ಲ ಪದಗಳೂ, ಎಲ್ಲ ಬಗೆಯ ಗದ್ದಲವೂ ಇರಲಿ. ಬರೀ ಮೌನದ ತುಣುಕುಗಳನ್ನು ಕೊಟ್ಟರೆ ಅಳತೆಪಟ್ಟಿಯೇ ತಪ್ಪಾಗಿ, ಬೋರ್ಡ್ ಯಾವ ಮಾತಿಗೂ ಒಂದೇ ಉತ್ತರ ಕೊಡತೊಡಗುತ್ತದೆ.

## ಪದ ಆರಿಸುವುದೇ ಅರ್ಧ ಕೆಲಸ

ಈಗ ಮುಂದೆ, ಹಿಂದೆಗೆ ವಾಪಸ್ ಬರೋಣ. ‘ಮುಂದೆ’ ಹೇಳಲು ಸುಮಾರು ಅರ್ಧ ಸೆಕೆಂಡ್ ಹಿಡಿಯುತ್ತದೆ. ಅದರಲ್ಲಿ ‘ಹಿಂದೆ’ಗಿಂತ ಬೇರೆಯಾಗಿರುವುದು ಮೊದಲ ಅಕ್ಷರವೊಂದೇ, ಅಂದರೆ 49 ಸಾಲಿನ ಚಿತ್ರದಲ್ಲಿ ಏಳೆಂಟು ಸಾಲು. ಮಿಕ್ಕಿದ್ದೆಲ್ಲ ಒಂದೇ. ಆ ಏಳೆಂಟು ಸಾಲಿನಲ್ಲೂ ‘ಹ’ ಎಂಬುದು ಬರೀ ಉಸಿರು. ಎರಡು ಮೀಟರ್ ದೂರದಿಂದ, ಫ್ಯಾನಿನ ಸದ್ದಿನ ನಡುವೆ, ಅದು ಮೈಕಿಗೆ ಮುಟ್ಟುವುದೇ ಇಲ್ಲ. ನಮ್ಮ ಕಡೆ ಇನ್ನೊಂದು ವಿಷಯವಿದೆ. ಮಂಡ್ಯದ ಹಳ್ಳಿಗಳ ಮಾತಿನಲ್ಲಿ ‘ಹ’ ಎಷ್ಟೋ ಸಲ ಬಾಯಿಗೇ ಬರುವುದಿಲ್ಲ. ಹಾಲು ‘ಆಲು’ ಆಗುತ್ತದೆ, ಹಿಂದೆ ‘ಇಂದೆ’ ಆಗುತ್ತದೆ. ಕೊನೆಗೆ ಉ, ಇ ಎಂಬ ಎರಡು ಸ್ವರಗಳ ವ್ಯತ್ಯಾಸವಷ್ಟೇ ಉಳಿಯುತ್ತದೆ. ಮಾದರಿ ಅದನ್ನೂ ಕಲಿಯಬಲ್ಲದು. ಆದರೆ ಗದ್ದಲ ಹೆಚ್ಚಾದಂತೆ ಮೊದಲು ಕೈಕೊಡುವ ಜಾಗ ಅದೇ.

ಹೆಚ್ಚು ಉದಾಹರಣೆ ಕೊಟ್ಟು ಮಾದರಿಯನ್ನು ತಿದ್ದುವುದಕ್ಕಿಂತ ಪದವನ್ನೇ ಬದಲಿಸುವುದು ಸಲೀಸು, ಅದಕ್ಕೆ ಖರ್ಚೂ ಇಲ್ಲ. ಹಿಂದೆ ಎನ್ನುವ ಬದಲು ‘ವಾಪಸ್’. ಅದರಲ್ಲಿ ದೀರ್ಘ ‘ವಾ’ ಇದೆ, ಕೊನೆಯಲ್ಲಿ ‘ಸ್’ ಇದೆ. ‘ಸ್’ ಚಿತ್ರದಲ್ಲಿ ಮೇಲಿನ ಮನೆಗಳನ್ನೆಲ್ಲ ಕಪ್ಪು ಮಾಡುತ್ತದೆ, ‘ಮುಂದೆ’ಯಲ್ಲಿ ಹಾಗೆ ಕಪ್ಪಾಗುವ ಜಾಗವೇ ಇಲ್ಲ. ಎಡಕ್ಕೆ ಎನ್ನುವ ಬದಲು ‘ಎಡಗಡೆ’, ಬಲಕ್ಕೆ ಹಾಗೇ ಇರಲಿ. ಆಗ ಒಂದರ ನಡುವೆ ‘ಕ್ಕ’ದ ಬಿಗಿ ತಡೆ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ನಿಲ್ಲಿಸಲು ‘ನಿಂತ್ಕೊ’. ಪುಸ್ತಕದ ‘ನಿಲ್ಲು’ ಗಾಬರಿಯಲ್ಲಿ ಯಾರ ಬಾಯಿಗೂ ಬರುವುದಿಲ್ಲ. ಆಜ್ಞೆಯ ಪದ ಮನೆಯವರು ನಿಜವಾಗಿ ಆಡುವ ರೂಪದಲ್ಲೇ ಇರಬೇಕು.

ಇನ್ನು ಹೆಸರು. ರೋಬೋ ಸದಾ ಕಾಯುತ್ತಿರುವುದು ಈ ಒಂದು ಪದಕ್ಕೆ, ಅದು ಕೇಳಿದ ಮೇಲಷ್ಟೇ ಆಜ್ಞೆಗೆ ಕಿವಿ ತೆರೆಯುತ್ತದೆ. ಚಿನ್ನು, ಪುಟ್ಟ, ರಾಜ ಮುದ್ದಾದ ಹೆಸರುಗಳೇ. ಆದರೆ ಮನೆಯಲ್ಲಿ, ಟಿವಿ ಧಾರಾವಾಹಿಯಲ್ಲಿ ದಿನಕ್ಕೆ ಹತ್ತಾರು ಸಲ ಬರುತ್ತವೆ, ಎರಡೇ ಅಕ್ಷರ ಇರುವುದರಿಂದ ಬೇರೆ ಮಾತಿನೊಳಗೂ ಅಡಗಿರುತ್ತವೆ. ಗಿರಿಗಿಟ್ಲೆಯಲ್ಲಿ ನಾಲ್ಕು ಅಕ್ಷರ, ಕೊನೆಯಲ್ಲಿ ‘ಟ್ಲೆ’ ಎಂಬ ಗಟ್ಟಿ ಒತ್ತು, ದಿನದ ಮಾತಿನಲ್ಲಿ ಅಪರೂಪ. ಸುಮಾರು ಮುಕ್ಕಾಲು ಸೆಕೆಂಡಿನಲ್ಲಿ ಹೇಳಿ ಮುಗಿಸಬಹುದಾದ್ದರಿಂದ ಒಂದು ಸೆಕೆಂಡಿನ ಚಿತ್ರದಲ್ಲಿ ಪೂರ್ತಿ ಹಿಡಿಸುತ್ತದೆ.

## ಮೈಕಿನ ಜೋಡಣೆ, ಮತ್ತೆ ಎಲ್ಲರೂ ಮರೆಯುವ ಒಂದು ಸಾಲು

ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಹುಡುಕುವಾಗ ಟೈಪ್ ಮಾಡಬೇಕಾದ ಹೆಸರುಗಳು ಇವು:

```
ESP32-S3-DevKitC-1
INMP441
TB6612FNG
```

ಮೊದಲನೆಯದು ಬೋರ್ಡ್, ಎರಡನೆಯದು ಮೈಕ್, ಮೂರನೆಯದು ಮೋಟಾರ್ ಡ್ರೈವರ್. ಇವುಗಳ ಜೊತೆ ಹಳದಿ ಗೇರ್ ಮೋಟಾರ್ ಎರಡು, 18650 ಸೆಲ್ ಎರಡು, ಬೋರ್ಡಿಗೆ 5 ವೋಲ್ಟ್ ಕೊಡುವ ಬಕ್ ಕನ್ವರ್ಟರ್ ಒಂದು. ಎರಡು ಸೆಲ್ ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್ ಇರುತ್ತದೆ, ಹಳದಿ ಮೋಟಾರಿಗೆ 6 ವೋಲ್ಟ್ ಸಾಕು. ಹಾಗಾಗಿ ಪ್ರೋಗ್ರಾಮಿನಲ್ಲಿ ವೇಗವನ್ನು ಶೇ 70ಕ್ಕೆ ಮಿತಿಗೊಳಿಸಬೇಕು.

ಮೈಕ್‌ನಿಂದ ಬೋರ್ಡಿಗೆ ಮೂರು ಸಂಕೇತದ ತಂತಿ:

```c
#define MIC_SCK 4
#define MIC_WS  5
#define MIC_SD  6
```

ಮೈಕಿನ ವಿದ್ಯುತ್ 3.3 ವೋಲ್ಟ್‌ನಿಂದಲೇ ಬರಬೇಕು, 5 ವೋಲ್ಟ್ ಕೊಟ್ಟರೆ ಸುಟ್ಟುಹೋಗುತ್ತದೆ. `L/R` ಎಂದು ಬರೆದಿರುವ ಪಿನ್ನನ್ನು ಗ್ರೌಂಡಿಗೆ ಸೇರಿಸಿದರೆ ದನಿ ಎಡ ಚಾನೆಲ್ಲಿನಲ್ಲಿ ಬರುತ್ತದೆ. ಅದನ್ನು ಹಾಗೇ ಗಾಳಿಯಲ್ಲಿ ಬಿಡಬಾರದು. ಹೆಚ್ಚು ಮೆಮೊರಿ ಇರುವ ಎಸ್3 ಬೋರ್ಡ್‌ಗಳಲ್ಲಿ 35, 36, 37ನೇ ಪಿನ್ನುಗಳು ಒಳಗಿನ ಮೆಮೊರಿಗೇ ಮೀಸಲು, ಅಲ್ಲಿಗೆ ಮೈಕ್ ಸೇರಿಸಿದರೆ ಬೋರ್ಡ್ ಶುರುವಾಗುವುದೇ ಇಲ್ಲ.

ಇನ್ನು ಆ ಒಂದು ಸಾಲು. ಈ ಮೈಕ್ 94 ಡೆಸಿಬಲ್ ಸದ್ದಿಗೆ ತನ್ನ ಗರಿಷ್ಠ ಮಟ್ಟಕ್ಕಿಂತ 26 ಡೆಸಿಬಲ್ ಕೆಳಗಿನ ಅಂಕಿ ಕೊಡುತ್ತದೆ. ಒಂದು ಮೀಟರ್ ದೂರದ ಮಾಮೂಲಿ ಮಾತು ಸುಮಾರು 60 ಡೆಸಿಬಲ್, ಅಂದರೆ ಇನ್ನೂ 34 ಕಡಿಮೆ. ಒಟ್ಟು ಗರಿಷ್ಠಕ್ಕಿಂತ 60 ಡೆಸಿಬಲ್ ಕೆಳಗೆ, ಸಾವಿರದಲ್ಲಿ ಒಂದು ಪಾಲು. 16 ಬಿಟ್ಟಿನಲ್ಲಿ ಗರಿಷ್ಠ 32,767 ಆದರೆ ನಮ್ಮ ಮಾತು ಬರೀ 33ರ ಆಸುಪಾಸಿನಲ್ಲಿ ತೆವಳುತ್ತಿರುತ್ತದೆ. ಎರಡು ಮೀಟರ್ ದೂರ ಹೋದರೆ ಅದರರ್ಧ. ಮೈಕ್ ಕೆಟ್ಟಿದೆ ಎಂದು ಜನ ಬದಲಾಯಿಸುವುದು ಇಲ್ಲೇ. ಕೆಟ್ಟಿರುವುದಿಲ್ಲ, ಅಂಕಿಯನ್ನು ದೊಡ್ಡದು ಮಾಡಿಕೊಂಡಿರುವುದಿಲ್ಲ. ಮೈಕ್ ಕೊಡುವ 32 ಬಿಟ್ಟಿನ ಅಂಕಿಯನ್ನು 16 ಬಿಟ್ಟಿಗೆ ಇಳಿಸುವಾಗ 16 ಸ್ಥಾನ ಸರಿಸುವ ಬದಲು 12 ಸ್ಥಾನ ಮಾತ್ರ ಸರಿಸಿದರೆ ದನಿ 16 ಪಟ್ಟಾಗುತ್ತದೆ, 33 ಇದ್ದದ್ದು 530ರ ಹತ್ತಿರ ಬರುತ್ತದೆ.

```c
int32_t s = raw >> 12;
if (s >  32767) s =  32767;
if (s < -32768) s = -32768;
```

ಕೆಳಗಿನ ಎರಡು ಸಾಲು ಬೇಕೇ ಬೇಕು. ಮೈಕ್ ಪಕ್ಕದಲ್ಲೇ ಯಾರಾದರೂ ಕೂಗಿದರೆ ಅಂಕಿ ಮಿತಿ ಮೀರಿ, ಧನದಿಂದ ಋಣಕ್ಕೆ ಹಾರಿ ಪಟಪಟ ಸದ್ದಾಗುತ್ತದೆ. ಇದರ ಜೊತೆ ಇನ್ನೆರಡು ಸಣ್ಣ ಕೆಲಸ. ಸ್ವಿಚ್ ಹಾಕಿದ ಮೊದಲ ಕಾಲು ಸೆಕೆಂಡ್ ಈ ಮೈಕ್ ಸೊನ್ನೆಯನ್ನೇ ಕಳಿಸುತ್ತದೆ, ಅದನ್ನು ಬಿಟ್ಟುಬಿಡಬೇಕು. ಮೌನದಲ್ಲೂ ಅಂಕಿ ಸರಿಯಾಗಿ ಸೊನ್ನೆಯ ಮೇಲೆ ಕೂರುವುದಿಲ್ಲ, ಸ್ವಲ್ಪ ಪಕ್ಕಕ್ಕೆ ಜರುಗಿರುತ್ತದೆ, ಸರಾಸರಿ ಕಳೆದು ಅದನ್ನು ಸರಿಮಾಡಬೇಕು.

## ಯಾರ ದನಿ, ಎಷ್ಟು ದನಿ

ದನಿ ಸಂಗ್ರಹಿಸುವುದನ್ನು ಫೋನಿನಲ್ಲಿ ಮಾಡಬೇಡಿ. ಫೋನ್ ತನ್ನಷ್ಟಕ್ಕೆ ಗದ್ದಲ ತೆಗೆದು, ದನಿ ಏರಿಸಿ ಇಳಿಸಿ ಚೆಂದ ಮಾಡಿಬಿಡುತ್ತದೆ. ಬೋರ್ಡಿನ ಮೈಕ್ ಅಷ್ಟು ಉಪಕಾರ ಮಾಡುವುದಿಲ್ಲ. ತರಬೇತಿಯಲ್ಲಿ ಕೇಳಿದ್ದು ಒಂದು ದನಿ, ಕೆಲಸದಲ್ಲಿ ಕೇಳುವುದು ಇನ್ನೊಂದು ಎಂದಾಗುತ್ತದೆ. ಗಾಡಿಯ ಮೇಲೆ ಕೂರುವ ಅದೇ ಮೈಕಿನಿಂದ, ಅದೇ ಹಜಾರದಲ್ಲಿ ರೆಕಾರ್ಡ್ ಮಾಡಿದರೆ ಟೈಲ್ಸಿನ ಪ್ರತಿಧ್ವನಿಯೂ ಸೇರಿಕೊಳ್ಳುತ್ತದೆ.

ನಮ್ಮ ಉದಾಹರಣೆಯಲ್ಲಿ ಹೆಸರು ಸೇರಿ ಆರು ಪದ: ಗಿರಿಗಿಟ್ಲೆ, ಮುಂದೆ, ವಾಪಸ್, ಎಡಗಡೆ, ಬಲಕ್ಕೆ, ನಿಂತ್ಕೊ. ಎಂಟು ಜನ, ಒಬ್ಬೊಬ್ಬರು ಒಂದೊಂದು ಪದವನ್ನು 25 ಸಲ. ಒಟ್ಟು 1,200 ತುಣುಕು, ಒಂದೊಂದು ಒಂದು ಸೆಕೆಂಡ್ ಎಂದರೆ 20 ನಿಮಿಷದ ದನಿ. ಒಂದೇ ಕಡೆ ಕೂರಿಸಿ 25 ಸಲ ಹೇಳಿಸಿದರೆ ಎಲ್ಲವೂ ಒಂದೇ ರಾಗದಲ್ಲಿ ಬರುತ್ತವೆ. ಅರ್ಧ ಮೀಟರಿನಿಂದ ಐದು, ಬಾಗಿಲಿನಿಂದ ಐದು, ಗಾಡಿಗೆ ಬೆನ್ನು ಹಾಕಿ ಐದು, ಅವಸರದಲ್ಲಿ ಐದು, ಫ್ಯಾನ್ ಜೋರಾಗಿಟ್ಟು ಐದು ಎಂದು ಹಂಚಿಕೊಳ್ಳಿ. ಅಜ್ಜಿ, ತಾತ, ಮಕ್ಕಳು ಎಂಟರಲ್ಲಿ ಇರಲೇಬೇಕು. ‘ನಿಂತ್ಕ’ ಎನ್ನುವವರಿದ್ದರೆ ಅವರನ್ನು ತಿದ್ದಬೇಡಿ, ಹಾಗೇ ರೆಕಾರ್ಡ್ ಮಾಡಿ.

ಇದಕ್ಕೆ ಇನ್ನೆರಡು ಗುಂಪು ಸೇರಬೇಕು. ಒಂದು, ಆಜ್ಞೆಯಲ್ಲದ ಬೇರೆ ಮಾತು. ಇಲ್ಲಿ ಹತ್ತಿರದ ಸದ್ದಿನ ಪದಗಳನ್ನು ಬೇಕೆಂದೇ ಹಾಕಬೇಕು: ಹಿಂದೆ, ಮುಂಚೆ, ಮಂದಿ, ಈ ಕಡೆ, ಬೆಳಕಿಗೆ, ನಿಂತ್ಕೊಂಡ. ಇವಿಲ್ಲದಿದ್ದರೆ ‘ಮು’ ಎಂದು ಶುರುವಾಗುವ ಯಾವುದನ್ನೂ ಮಾದರಿ ‘ಮುಂದೆ’ ಎಂದೇ ಭಾವಿಸುತ್ತದೆ. 600 ತುಣುಕಾದರೂ ಇರಲಿ. ಇನ್ನೊಂದು, ಮಾತಿಲ್ಲದ ಸದ್ದು: ಮಿಕ್ಸಿ, ಕುಕ್ಕರ್ ಸೀಟಿ, ಪಾತ್ರೆ ತೊಳೆಯುವುದು, ಬೀದಿಯ ಹಾರ್ನ್, ಮಳೆ, ಎಲ್ಲಕ್ಕಿಂತ ಮುಖ್ಯವಾಗಿ ಗಾಡಿಯ ಸ್ವಂತ ಮೋಟಾರು. ಅರ್ಧ ಗಂಟೆ ರೆಕಾರ್ಡ್ ಮಾಡಿಟ್ಟರೆ ಅದನ್ನೇ ಪದಗಳ ಹಿಂದೆ ಬೆರೆಸಿ ಹೊಸ ಉದಾಹರಣೆಗಳನ್ನೂ ಮಾಡಿಕೊಳ್ಳಬಹುದು.

ಕಲಿತದ್ದನ್ನು ಪರೀಕ್ಷಿಸುವಾಗ ಒಂದು ಮೋಸ ತಾನಾಗಿ ಆಗಿಬಿಡುತ್ತದೆ. ಎಲ್ಲ 1,200 ತುಣುಕುಗಳನ್ನು ಕಲಸಿ, ಐದನೇ ಒಂದು ಭಾಗವನ್ನು ಪರೀಕ್ಷೆಗೆಂದು ಎತ್ತಿಟ್ಟರೆ, ಅಜ್ಜಿಯ 20 ‘ವಾಪಸ್’ ಕಲಿಕೆಯಲ್ಲಿ, ಮಿಕ್ಕ 5 ಪರೀಕ್ಷೆಯಲ್ಲಿ ಇರುತ್ತವೆ. ಪ್ರಶ್ನೆಪತ್ರಿಕೆ ಮೊದಲೇ ನೋಡಿದ ಹಾಗೆ, ಅಂಕ ತುಂಬ ಚೆನ್ನಾಗಿ ಬರುತ್ತದೆ. ಹಾಗೆ ಮಾಡದೆ, ಎಂಟು ಜನರಲ್ಲಿ ಇಬ್ಬರನ್ನು ಪೂರ್ತಿ ಹೊರಗಿಟ್ಟು ಆರು ಜನರ ದನಿಯಲ್ಲಿ ಕಲಿಸಿ, ಆ ಇಬ್ಬರ ದನಿಯಲ್ಲಿ ಪರೀಕ್ಷಿಸಬೇಕು. ಅಂಕ ಇಳಿಯುತ್ತದೆ, ಆದರೆ ಮನೆಗೆ ನೆಂಟರು ಬಂದಾಗ ಗಾಡಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಆ ಅಂಕವೇ ಸರಿಯಾಗಿ ಹೇಳುತ್ತದೆ.

ತರಬೇತಿ ಮುಗಿದ ಮಾದರಿಯನ್ನು ಬೋರ್ಡಿನ ಪ್ರೋಗ್ರಾಮಿನೊಳಗೆ ಸೇರಿಸಲು ಅದನ್ನು ಅಂಕಿಗಳ ಪಟ್ಟಿಯಾಗಿ ಬದಲಿಸುತ್ತಾರೆ. ಟೆನ್ಸರ್‌ಫ್ಲೋ ಬಳಸಿದ್ದರೆ ಈ ಒಂದು ಆಜ್ಞೆ ಸಾಕು:

```
xxd -i model_int8.tflite > model.h
```

## ಗಂಟೆಗೆ 28,800 ತೀರ್ಮಾನ

ಗಾಡಿ ಒಂದು ಸೆಕೆಂಡಿನ ಚಿತ್ರ ನೋಡಿ, ಮತ್ತೊಂದು ಸೆಕೆಂಡ್ ಕಾದು ಮುಂದಿನದನ್ನು ನೋಡುವ ಹಾಗಿಲ್ಲ. ಪದ ಎರಡು ಚಿತ್ರಗಳ ನಡುವೆ ತುಂಡಾಗಿ ಬೀಳಬಹುದು. ಅದಕ್ಕೆ 125 ಮಿಲಿಸೆಕೆಂಡಿಗೊಮ್ಮೆ, ಆವರೆಗಿನ ಕೊನೆಯ ಒಂದು ಸೆಕೆಂಡನ್ನು ನೋಡುತ್ತಾ ಹೋಗುತ್ತದೆ. 0.6 ಸೆಕೆಂಡಿನ ಪದವಾದರೆ ಅದು ಚೌಕಟ್ಟಿನೊಳಗೆ ಪೂರ್ತಿಯಾಗಿ 0.4 ಸೆಕೆಂಡ್ ಉಳಿಯುತ್ತದೆ, ಅಂದರೆ ಮೂರು ಸಲ ಪೂರ್ತಿಯಾಗಿ ಕಾಣುತ್ತದೆ. ಪ್ರತಿ ಸಲ ಮಾದರಿ ಎಂಟು ಅಂಕಿ ಕೊಡುತ್ತದೆ. ಆರು ಪದಕ್ಕೆ ಒಂದೊಂದು, ಬೇರೆ ಮಾತಿಗೆ ಒಂದು, ಸದ್ದಿಗೆ ಒಂದು, ಎಲ್ಲ ಕೂಡಿದರೆ 1.

ಈಗ ಲೆಕ್ಕ ಹಾಕಿ. ಸೆಕೆಂಡಿಗೆ 8 ತೀರ್ಮಾನ ಎಂದರೆ ಗಂಟೆಗೆ 28,800. ಮಾದರಿ ಸಾವಿರಕ್ಕೆ ಒಂದೇ ಸಲ ತಪ್ಪುತ್ತದೆ ಎಂದು ಇಟ್ಟುಕೊಳ್ಳೋಣ. ಕೇಳಲು ಅದ್ಭುತವಾಗಿದೆ. ಆದರೂ ಗಂಟೆಗೆ 29 ಸಲ ಗಾಡಿ ಸುಮ್ಮಸುಮ್ಮನೆ ಹೊರಡುತ್ತದೆ. ಲ್ಯಾಪ್‌ಟಾಪಿನಲ್ಲಿ ಒಳ್ಳೆಯ ಅಂಕ ತೆಗೆದ ಮಾದರಿ ಹಜಾರಕ್ಕೆ ಬಂದ ಕೂಡಲೇ ಹುಚ್ಚಾಟ ಆಡುವುದಕ್ಕೆ ಬಹುಮಟ್ಟಿಗೆ ಈ ಲೆಕ್ಕವೇ ಕಾರಣ.

ಇದನ್ನು ಮೂರು ಕಡೆಯಿಂದ ಕಟ್ಟಿಹಾಕಬೇಕು. ಒಂದು ಚಿತ್ರ ನೋಡಿ ನಂಬಬಾರದು, ಕೊನೆಯ ಮೂರರ ಸರಾಸರಿ 0.85 ದಾಟಿದರೆ ಮಾತ್ರ ಒಪ್ಪಬೇಕು. ನಿಜವಾದ ಪದ ಮೂರು ಸಲ ಕಾಣುತ್ತದೆ, ತಟ್ಟೆ ಬಿದ್ದ ಸದ್ದು ಸಾಮಾನ್ಯವಾಗಿ ಒಮ್ಮೆ ಮಾತ್ರ ಮೋಸ ಮಾಡುತ್ತದೆ. ಎರಡನೆಯದು, ಒಮ್ಮೆ ಒಪ್ಪಿದ ಮೇಲೆ ಒಂದು ಸೆಕೆಂಡ್ ಏನನ್ನೂ ಒಪ್ಪಬಾರದು, ಇಲ್ಲದಿದ್ದರೆ ಒಂದೇ ‘ಎಡಗಡೆ’ಗೆ ಗಾಡಿ ಎರಡು ಸಲ ತಿರುಗುತ್ತದೆ. ಮೂರನೆಯದು ಹೆಸರು. ಗಿರಿಗಿಟ್ಲೆ ಎಂದು ಕರೆದ ಮೇಲೆ ಮೂರು ಸೆಕೆಂಡ್ ಮಾತ್ರ ಆಜ್ಞೆಗೆ ಕಿವಿಗೊಡುವುದು. ಹೆಸರನ್ನು ಗಂಟೆಗೊಮ್ಮೆ ತಪ್ಪಾಗಿ ಕೇಳಿಸಿಕೊಂಡಿತು ಎಂದುಕೊಂಡರೂ, ಆ ಮೂರು ಸೆಕೆಂಡಿನಲ್ಲಿ ಇರುವುದು 24 ತೀರ್ಮಾನ. ಸಾವಿರಕ್ಕೊಂದು ತಪ್ಪು ಎಂದರೆ ಗಾಡಿ ಸುಳ್ಳು ಆಜ್ಞೆಗೆ ಹೊರಡುವ ಸಂಭವ ಶೇ 2.4, ಸುಮಾರು 40 ಗಂಟೆಗೆ ಒಂದು ಸಲ. ಟಿವಿ ಹಾಕಿದಾಗ ಇದಕ್ಕಿಂತ ಕೆಟ್ಟದಾಗಿರುತ್ತದೆ, ಏಕೆಂದರೆ ತಪ್ಪುಗಳು ಗುಂಪುಗುಂಪಾಗಿ ಬರುತ್ತವೆ. ಹಾಗಾಗಿ 0.85 ಎಂಬುದನ್ನು ಕಣ್ಣುಮುಚ್ಚಿ ಇಡಬೇಡಿ. ಚಕ್ರ ನೆಲಕ್ಕೆ ತಾಗದಂತೆ ಗಾಡಿಯನ್ನು ಎತ್ತಿಟ್ಟು, ಎರಡು ಗಂಟೆ ಟಿವಿ ಮುಂದೆ ಬಿಟ್ಟು, ಎಷ್ಟು ಸಲ ಎಚ್ಚರವಾಯಿತು ಎಂದು ಎಣಿಸಿ ಏರಿಸಿ ಇಳಿಸಿ.

## ತನ್ನ ಸದ್ದಿಗೆ ತಾನೇ ಕಿವುಡು

ನಿಂತಿದ್ದಾಗ ಚೆನ್ನಾಗಿ ಕೇಳುವ ಗಾಡಿ ಓಡುವಾಗ ‘ನಿಂತ್ಕೊ’ ಎಂದರೆ ಕೇಳುವುದಿಲ್ಲ. ನಮ್ಮ ದನಿ ಎರಡು ಮೀಟರ್ ದೂರದಿಂದ ಬರುತ್ತಿದೆ, ಮೋಟಾರು ಮೈಕಿನಿಂದ ಹತ್ತು ಸೆಂಟಿಮೀಟರಿನಲ್ಲಿದೆ.

ಆ ಸದ್ದಿನಲ್ಲಿ ಎರಡು ಪಾಲು. ಒಂದು ಸೀಟಿ. ಮೋಟಾರಿನ ವೇಗ ತಗ್ಗಿಸಲು ವಿದ್ಯುತ್ತನ್ನು ಬೇಗ ಬೇಗ ಹಚ್ಚಿ ಆರಿಸುತ್ತಾರೆ. ಸೆಕೆಂಡಿಗೆ 1,000 ಸಲ ಹಾಗೆ ಮಾಡಿದರೆ 1,000 ಹರ್ಟ್ಸ್‌ನ ಸೀಟಿ ಹುಟ್ಟುತ್ತದೆ, ಅದು ಮಾತಿನ ನಟ್ಟನಡುವೆ ಬಂದು ಕೂರುತ್ತದೆ. 20,000ಕ್ಕೆ ಏರಿಸಿದರೆ ಸೀಟಿ ನಮ್ಮ ಕಿವಿಗೂ ಕೇಳುವುದಿಲ್ಲ, 8,000 ಹರ್ಟ್ಸ್‌ವರೆಗೆ ಮಾತ್ರ ನೋಡುವ ನಮ್ಮ ಚಿತ್ರಕ್ಕೂ ಬೀಳುವುದಿಲ್ಲ.

```c
ledcAttach(MOTOR_PWM, 20000, 10);
```

ಇನ್ನೊಂದು ಪಾಲು ಗೇರಿನ ಕರಕರ. ಅದು ಪೂರ್ತಿ ಹೋಗುವುದಿಲ್ಲ. ಮೈಕನ್ನು ಚಾಸಿಗೆ ಸ್ಕ್ರೂ ಹಾಕಿ ಬಿಗಿಯದೆ, ಮೇಲಕ್ಕೆ ಎತ್ತಿದ ಕಡ್ಡಿಯ ತುದಿಯಲ್ಲಿ ಸ್ಪಂಜಿನ ಮೇಲೆ ಕೂರಿಸಿದರೆ ನಡುಕ ನೇರವಾಗಿ ತಾಗುವುದು ತಪ್ಪುತ್ತದೆ. ಉಳಿದದ್ದನ್ನು ಮಾದರಿಗೇ ಕಲಿಸಬೇಕು. ‘ನಿಂತ್ಕೊ’ದ 200 ತುಣುಕುಗಳಲ್ಲಿ 50ನ್ನಾದರೂ ಮೋಟಾರ್ ತಿರುಗುತ್ತಿರುವಾಗಲೇ ರೆಕಾರ್ಡ್ ಮಾಡಿ.

ಇಲ್ಲಿ ಒಂದು ತೀರ್ಮಾನ ಮಾಡುವುದು ಒಳ್ಳೆಯದು. ಎಲ್ಲ ತಪ್ಪಿನ ಬೆಲೆಯೂ ಒಂದೇ ಅಲ್ಲ. ಸುಳ್ಳು ‘ಮುಂದೆ’ಗೆ ಗಾಡಿ ಹೊರಟರೆ ಅಜ್ಜಿಯ ಕಾಲಿಗೆ ತಾಗಬಹುದು. ಸುಳ್ಳು ‘ನಿಂತ್ಕೊ’ಗೆ ನಿಂತರೆ ಇನ್ನೊಮ್ಮೆ ಹೇಳಿದರಾಯಿತು. ಆದ್ದರಿಂದ ಓಡುತ್ತಿರುವಾಗ ‘ನಿಂತ್ಕೊ’ಗೆ ಹೆಸರು ಕರೆಯುವ ಅಗತ್ಯವೇ ಬೇಡ, ಮಿತಿಯನ್ನೂ 0.85ರಿಂದ 0.6ಕ್ಕೆ ಇಳಿಸಿ. ಜೊತೆಗೆ ಪ್ರತಿ ‘ಮುಂದೆ’ಗೆ ಎರಡು ಸೆಕೆಂಡ್ ಮಾತ್ರ ಓಡಿ ತಾನಾಗಿ ನಿಲ್ಲುವಂತೆ ಮಾಡಿ. ಸೆಕೆಂಡಿಗೆ 30 ಸೆಂಟಿಮೀಟರ್ ವೇಗದಲ್ಲಿ ಅದು 60 ಸೆಂಟಿಮೀಟರ್. ಪದ ಬಾಯಿಂದ ಬಂದ ಮೇಲೆ ಮೂರು ಚಿತ್ರಗಳ ಸರಾಸರಿಗೆ ಅರ್ಧ ಸೆಕೆಂಡ್ ಹಿಡಿದರೂ ಗಾಡಿ ಇನ್ನೂ 15 ಸೆಂಟಿಮೀಟರ್ ಹೋಗಿರುತ್ತದೆ. ಹಾಗಾಗಿ ಮುಂಭಾಗದಲ್ಲಿ ಒಂದು ಬಂಪರ್ ಸ್ವಿಚ್ ಇರಲೇಬೇಕು, ಅದು ಒತ್ತಿದ ಕೂಡಲೇ ಮಾತಿನ ಲೆಕ್ಕವಿಲ್ಲದೆ ಮೋಟಾರ್ ನಿಲ್ಲಬೇಕು. ಮಾತನ್ನು ಬ್ರೇಕ್ ಎಂದು ನಂಬುವ ಹಾಗಿಲ್ಲ.

## ಕೆಲಸ ಮಾಡದಿದ್ದರೆ ಎಲ್ಲಿಂದ ಹುಡುಕುವುದು

ಮೊದಲು ಮಾದರಿಯನ್ನು ಬೈಯುವುದು ಬೇಡ. ಬೋರ್ಡಿಗೆ ಕೇಳುತ್ತಿರುವ ದನಿಯನ್ನು ಐದು ಸೆಕೆಂಡ್ ರೆಕಾರ್ಡ್ ಮಾಡಿ, ಲ್ಯಾಪ್‌ಟಾಪಿಗೆ ತಂದು ನೀವೇ ಕೇಳಿ. ಅಂಕಿಗಳೆಲ್ಲ ಸೊನ್ನೆಯಾಗಿದ್ದರೆ ತಂತಿ ತಪ್ಪಿದೆ, ಇಲ್ಲವೇ ಎಡ ಚಾನೆಲ್ಲಿನ ಬದಲು ಬಲ ಚಾನೆಲ್ ಓದುತ್ತಿದ್ದೀರಿ. ದನಿ ಕೀಚಲಾಗಿಯೋ ಎಳೆದ ಹಾಗೋ ಕೇಳಿದರೆ ಎಲ್ಲೋ ಒಂದು ಕಡೆ 16,000ದ ಬದಲು ಬೇರೆ ಅಂಕಿ ಬರೆದಿದೆ. ನಡುನಡುವೆ ಟಿಕ್ ಟಿಕ್ ಎಂದರೆ ದನಿಯ ತುಣುಕುಗಳು ಕಳೆದುಹೋಗುತ್ತಿವೆ. ಮಾದರಿ ಲೆಕ್ಕ ಹಾಕುತ್ತಿರುವಾಗ ಮೈಕನ್ನು ಓದುವವರು ಯಾರೂ ಇಲ್ಲ ಎಂದರ್ಥ. ಎರಡು ಕೋರ್‌ಗಳಿರುವುದೇ ಇದಕ್ಕೆ, ಒಂದಕ್ಕೆ ಮೈಕ್ ಓದುವ ಕೆಲಸ, ಇನ್ನೊಂದಕ್ಕೆ ಲೆಕ್ಕದ ಕೆಲಸ ಒಪ್ಪಿಸಬೇಕು. ಲೆಕ್ಕಕ್ಕೆ ಹಿಡಿಯುವ ಸಮಯವನ್ನು `esp_timer_get_time()` ಇಂದ ಅಳೆಯಬಹುದು. ಅದು 125 ಮಿಲಿಸೆಕೆಂಡ್ ದಾಟಿದರೆ ಮಾದರಿ ಈ ಬೋರ್ಡಿಗೆ ದೊಡ್ಡದಾಯಿತು.

ಮೋಟಾರ್ ಹೊರಟ ಕೂಡಲೇ ಬೋರ್ಡ್ ಮತ್ತೆ ಮೊದಲಿನಿಂದ ಶುರುವಾಗುತ್ತಿದ್ದರೆ ಸೀರಿಯಲ್ ಮಾನಿಟರಿನಲ್ಲಿ ಈ ಸಾಲು ಕಾಣುತ್ತದೆ:

```
Brownout detector was triggered
```

ಮೋಟಾರ್ ಎಳೆದ ವಿದ್ಯುತ್ತಿಗೆ ಬೋರ್ಡಿನ ವೋಲ್ಟೇಜ್ ಕುಸಿದಿದೆ. ಮಾತಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ನೋಡುವವರಿಗೆ ‘ಮುಂದೆ ಅಂದರೆ ಗಾಡಿ ಕೇಳುತ್ತಿಲ್ಲ’ ಎಂದೇ ಕಾಣುತ್ತದೆ. ಡ್ರೈವರಿನ ವಿದ್ಯುತ್ ಪಿನ್ನಿಗೆ 470 ಮೈಕ್ರೋಫ್ಯಾರಡ್‌ನ ಕೆಪಾಸಿಟರ್, ಪ್ರತಿ ಮೋಟಾರಿನ ಎರಡು ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್‌ನದು ಹಾಕಿ. ಎರಡನೆಯದು ಮೈಕಿನಲ್ಲಿ ಕೇಳುವ ಬರಬರ ಸದ್ದನ್ನೂ ಕಡಿಮೆ ಮಾಡುತ್ತದೆ.

ದನಿ ಸ್ಪಷ್ಟವಾಗಿದೆ, ಲ್ಯಾಪ್‌ಟಾಪಿನಲ್ಲಿ ಅದೇ ದನಿಗೆ ಮಾದರಿ ಸರಿಯಾಗಿ ಉತ್ತರ ಕೊಡುತ್ತಿದೆ, ಬೋರ್ಡಿನಲ್ಲಿ ಮಾತ್ರ ತಪ್ಪು. ಇದು ಅತಿ ಹೆಚ್ಚು ಜನರನ್ನು ದಿನಗಟ್ಟಲೆ ಕೂರಿಸುವ ತಪ್ಪು. ಹೆಚ್ಚಾಗಿ ಚಿತ್ರ ಮಾಡುವ ರೀತಿಯೇ ಎರಡು ಕಡೆ ಬೇರೆಯಾಗಿರುತ್ತದೆ. ಒಂದು ಕಡೆ 30 ಮಿಲಿಸೆಕೆಂಡಿನ ಚೂರು, ಇನ್ನೊಂದು ಕಡೆ 32. ಒಂದು ಕಡೆ ಅಂಕಿಗಳನ್ನು 1ರೊಳಗೆ ಇಳಿಸಿದ್ದಾರೆ, ಇನ್ನೊಂದು ಕಡೆ ಹಾಗೇ ಬಿಟ್ಟಿದ್ದಾರೆ. ಕಣ್ಣಿಗೆ ಎರಡೂ ಚಿತ್ರ ಒಂದೇ ಥರ ಕಾಣಬಹುದು, ಆದರೆ ಮಾದರಿ ಕಲಿತದ್ದು ಅವುಗಳಲ್ಲಿ ಒಂದನ್ನು ಮಾತ್ರ. ಕಂಡುಹಿಡಿಯಲು ಒಂದೇ ಖಚಿತ ದಾರಿ. ರೆಕಾರ್ಡ್ ಮಾಡಿದ ಒಂದೇ ಒಂದು ‘ವಾಪಸ್’ ತುಣುಕನ್ನು ಲ್ಯಾಪ್‌ಟಾಪಿಗೂ ಬೋರ್ಡಿಗೂ ಕೊಟ್ಟು, ಎರಡೂ ಮಾಡಿದ ಚಿತ್ರದ 1,960 ಅಂಕಿಗಳನ್ನು ಮುದ್ರಿಸಿ ಅಕ್ಕಪಕ್ಕ ಇಡಿ. ಕೊನೆಯ ಸ್ಥಾನದಲ್ಲಿ ಒಂದೆರಡು ಹೆಚ್ಚುಕಡಿಮೆ ಇದ್ದರೆ ಚಿಂತೆಯಿಲ್ಲ. ಮೊದಲ ಸಾಲಿನಿಂದಲೇ ಅಂಕಿಗಳು ಬೇರೆಯಾಗಿದ್ದರೆ ತಪ್ಪು ಅಳತೆಯಲ್ಲಿದೆ. ಮೊದಲ ಸಾಲು ಹೊಂದಿ ಎರಡನೆಯದರಿಂದ ದಾರಿ ತಪ್ಪಿದ್ದರೆ 20 ಮಿಲಿಸೆಕೆಂಡಿನ ಹೆಜ್ಜೆಯಲ್ಲಿದೆ.